ತರಗತಿಯಲ್ಲಿ ಕಣ್ಣುಬೇನೆ: ಯಾವುದು ಅಂಟುತ್ತದೆ, ಯಾವುದು ಅಂಟುವುದಿಲ್ಲ

ಪ್ರಶ್ನೆ: ಡಾಕ್ಟರೇ, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ನಾಲ್ಕನೇ ತರಗತಿಯ 34 ಮಕ್ಕಳಲ್ಲಿ ಎರಡು ವಾರದೊಳಗೆ 11 ಮಕ್ಕಳಿಗೆ ಕಣ್ಣು ಕೆಂಪಾಗಿದೆ. ಕೆಂಪಾದವರನ್ನು ಅಂದೇ ಮನೆಗೆ ಕಳಿಸಿದೆವು, ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟೆವು. ಆದರೂ ನಿಂತಿಲ್ಲ. ಇಬ್ಬರು ಹುಡುಗರ ಮನೆಯವರು 'ಇದು ವರ್ಷ ವರ್ಷ ಬರೋದೇ, ಅಂಟಲ್ಲ' ಅಂತಾರೆ. ಪೋಷಕರೊಬ್ಬರು ಮೆಡಿಕಲ್ ಸ್ಟೋರಿನಿಂದ ಡ್ರಾಪ್ಸ್ ತಂದುಕೊಟ್ಟು ಎಲ್ಲ ಮಕ್ಕಳಿಗೂ ಹಾಕಿ ಅಂತಿದ್ದಾರೆ. ಯಾರದು ಅಂಟುವ ಬೇನೆ ಅಂತ ತಿಳಿಯೋದು ಹೇಗೆ? ನಿಲ್ಲಿಸೋದು ಹೇಗೆ?

ಉತ್ತರ: ಮೇಷ್ಟ್ರೇ, ಮೊದಲು ಆ ಡ್ರಾಪ್ಸ್ ಬಾಟಲಿಯನ್ನು ಎತ್ತಿಟ್ಟುಬಿಡಿ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಮಗುವಿಗೆ ಡ್ರಾಪ್ಸ್ ಹಾಕುವಾಗ ಅದು ತಲೆ ಅಲ್ಲಾಡಿಸುತ್ತದೆ, ಬಾಟಲಿಯ ಮೂತಿ ರೆಪ್ಪೆಗೂದಲಿಗೆ ತಗಲುತ್ತದೆ. ಅದೇ ಮೂತಿ ಮುಂದಿನ ಮಗುವಿನ ಕಣ್ಣಿಗೆ ಹೋಗುತ್ತದೆ. ಹೀಗೆ ಒಂದೇ ಬಾಟಲಿಯಿಂದ ಇಡೀ ತರಗತಿಗೆ ಬೇನೆ ಹಂಚಿದಂತಾಗುತ್ತದೆ. ನಾನು ಹೆದರಿಸಲು ಹೇಳುತ್ತಿಲ್ಲ, ಇಂಥ ಕಣ್ಣುಬೇನೆಯನ್ನು ಹೆಚ್ಚಾಗಿ ತರುವ ಅಡಿನೊವೈರಸ್ ಎಂಬ ವೈರಸ್ಸಿನ ಚರಿತ್ರೆಯಲ್ಲೇ ಇದು ನಡೆದಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಸಾಲುಸಾಲಾಗಿ ಕಣ್ಣು ಬಂತು. ಅದಕ್ಕೆ 'ಶಿಪ್‌ಯಾರ್ಡ್ ಐ' ಎಂಬ ಹೆಸರೇ ಬಿತ್ತು. ಕಣ್ಣಿಗೆ ಕಬ್ಬಿಣದ ಚೂರು ಬಿತ್ತೆಂದು ಚಿಕಿತ್ಸೆಗೆ ಹೋದವರು ಅಲ್ಲಿನ ಕೈಗಳಿಂದ, ಸಲಕರಣೆಗಳಿಂದ ಬೇನೆಯನ್ನು ಅಂಟಿಸಿಕೊಂಡು ಬರುತ್ತಿದ್ದರು. 1955ರಲ್ಲಿ ವಿಜ್ಞಾನಿ ಅರ್ನೆಸ್ಟ್ ಜಾವೆಟ್ಸ್ ಮತ್ತು ಅವರ ಜೊತೆಗಾರರು ಆ ಬಗೆಯ ಬೇನೆಯ ಹಿಂದೆ ಅಡಿನೊವೈರಸ್ಸಿನ 8ನೇ ಮಾದರಿ ಇರುವುದನ್ನು ತೋರಿಸಿದರು. ಇಂದಿಗೂ ಕಣ್ಣಿನ ಆಸ್ಪತ್ರೆಗಳು ಈ ವೈರಸ್ಸಿನ ಬಗ್ಗೆ ತಮ್ಮದೇ ಉಪಕರಣಗಳಿಗೆ ಹೆದರುತ್ತವೆ.

ನಿಮ್ಮ ತರಗತಿಯಲ್ಲಿ ಓಡಾಡುತ್ತಿರುವುದು ಬಹುತೇಕ ಅಡಿನೊವೈರಸ್ಸೇ. ನಮ್ಮ ಕಡೆ ಜನ 'ಮದ್ರಾಸ್ ಐ' ಅನ್ನುವುದು, 'ಕಣ್ಣು ಬಂದಿದೆ' ಅನ್ನುವುದು ಹೆಚ್ಚಾಗಿ ಇಂಥ ವೈರಸ್ ಬೇನೆಗೇ. ಎಲ್ಲ ಸಲವೂ ಅಡಿನೊವೈರಸ್ಸೇ ಇರಬೇಕೆಂದಿಲ್ಲ. 2023ರ ಮಳೆಗಾಲದಲ್ಲಿ ದೇಶದ ಹಲವೆಡೆ ಕಣ್ಣುಬೇನೆ ಎದ್ದಾಗ ಕೆಲವು ಕಡೆ ಕಾಕ್ಸ್‌ಸ್ಯಾಕಿ ಎ24 ಎಂಬ ಬೇರೆ ಗುಂಪಿನ ವೈರಸ್ ಸಿಕ್ಕಿತು. ಅದು ಬರುವುದೂ ಬೇಗ, ಹೋಗುವುದೂ ಬೇಗ. ತಗುಲಿದ ಒಂದೆರಡು ದಿನದಲ್ಲೇ ಕಣ್ಣು ಕೆಂಪಾಗಿ, ವಾರದೊಳಗೆ ಇಳಿಯುತ್ತದೆ. ಅಡಿನೊವೈರಸ್ ಹಾಗಲ್ಲ, ಇದು ನಿಧಾನಿ. ನಿಮ್ಮ ಕ್ರಮಗಳು ಫಲ ಕೊಡದೇ ಹೋದದ್ದಕ್ಕೂ ಈ ನಿಧಾನವೇ ಮೊದಲ ಕಾರಣ.

ವೈರಸ್ ಕಣ್ಣಿಗೆ ಸೇರಿದ ದಿನಕ್ಕೂ ಕಣ್ಣು ಕೆಂಪಾಗುವ ದಿನಕ್ಕೂ ನಡುವೆ ಸಾಮಾನ್ಯವಾಗಿ 5ರಿಂದ 12 ದಿನಗಳ ಅಂತರ ಇರುತ್ತದೆ. ಅಂದರೆ ಇಂದು ಕೆಂಪಾದ ಮಗುವಿಗೆ ಬೇನೆ ಅಂಟಿದ್ದು ಕಳೆದ ವಾರ. ಇಂದು ಅದನ್ನು ಮನೆಗೆ ಕಳಿಸಿದಿರಿ, ಸರಿಯೇ. ಆದರೆ ಅದರ ಬೆಂಚಿನ ಜೊತೆಗಾರನ ಕಣ್ಣಿಗೆ ವೈರಸ್ ಆಗಲೇ ಸೇರಿರಬಹುದು. ಅವನ ಕಣ್ಣು ಇನ್ನೂ ಬೆಳ್ಳಗಿದೆ, ಅವನೇ ಮುಂದಿನ ವಾರದ ರೋಗಿ. ಇನ್ನೊಂದು ಕಡೆ, ಕೆಂಪಾದ ಕಣ್ಣಿನಿಂದ ವೈರಸ್ ಹೊರಬರುವುದು ಸುಮಾರು ಎರಡು ವಾರದವರೆಗೂ ನಡೆಯುತ್ತದೆ. ಮೂರು ದಿನ ರಜೆ ಹಾಕಿ 'ಪರವಾಗಿಲ್ಲ ಈಗ' ಅಂತ ಬಂದ ಮಗು ಬೇನೆಯ ಗಟ್ಟಿ ಹೊತ್ತಿನಲ್ಲೇ ಬಂದಿರುತ್ತದೆ.

ಹಾಗಾಗಿ ನಿಮ್ಮಿಂದ ನನಗೆ ಬೇಕಾದದ್ದು ಹಾಜರಿ ಪುಸ್ತಕ. ಒಂದು ಹಾಳೆಯಲ್ಲಿ 11 ಮಕ್ಕಳ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ನಾಲ್ಕೇ ಸಂಗತಿ ಬರೆಯಿರಿ: ಕೆಂಪು ಕಂಡ ತಾರೀಖು, ಮೊದಲು ಒಂದು ಕಣ್ಣೋ ಒಟ್ಟಿಗೆ ಎರಡೋ, ಮಗು ಕಣ್ಣನ್ನು ತುರಿಸುತ್ತದೆಯೋ ಅಥವಾ ಮರಳು ಬಿದ್ದ ಹಾಗೆ ಚುಚ್ಚುತ್ತದೆ ಅನ್ನುತ್ತದೆಯೋ, ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಕಣ್ಣಿನಲ್ಲಿ ಏನಿದೆ, ನೀರೋ ಕೀವೋ ನೂಲಿನಂಥ ಲೋಳೆಯೋ. ಇಷ್ಟು ಬರೆಯಲು ಮಗುವಿನ ಕಣ್ಣನ್ನು ಮುಟ್ಟಬೇಕಿಲ್ಲ. ದಯವಿಟ್ಟು ರೆಪ್ಪೆ ಎಳೆದು ನೋಡಬೇಡಿ, ಅದು ನಮ್ಮ ಕೆಲಸ.

ಕೆಲವು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಇಂಥದೇ ಹಾಳೆ ಹಿಡಿದುಕೊಂಡು ನನ್ನ ಓಪಿಡಿಗೆ ಬಂದಿದ್ದರು. ಮೊದಲ ಹೆಸರು ಒಬ್ಬ ಹುಡುಗಿಯದು, ತಿಂಗಳ 3ನೇ ತಾರೀಖು. ಆಮೇಲೆ ಒಂದು ವಾರ ಯಾರೂ ಇಲ್ಲ. 10ರಿಂದ 13ರ ಒಳಗೆ ನಾಲ್ಕು ಮಕ್ಕಳು, ನಾಲ್ವರೂ ಆ ಹುಡುಗಿಯ ಬೆಂಚು ಅಥವಾ ಅದರ ಹಿಂದಿನ ಬೆಂಚಿನವರು. ಮತ್ತೆ ಬಿಡುವು. 19ರಿಂದ 22ರ ಒಳಗೆ ಆರು ಮಕ್ಕಳು. ಹೀಗೆ ಅಲೆ ಅಲೆಯಾಗಿ, ನಡುವೆ ಐದಾರು ದಿನದ ಬಿಡುವಿನೊಂದಿಗೆ ಬಂದರೆ ಅದು ಅಡಿನೊವೈರಸ್ಸಿನ ನಡಿಗೆ. ಆ ಬಿಡುವಿನ ವಾರದಲ್ಲಿ ಶಾಲೆಯವರು 'ನಿಂತುಹೋಯಿತು' ಅಂತ ಕೈತೊಳೆಸುವುದನ್ನು ಬಿಟ್ಟಿದ್ದರು.

ಆ ಹಾಳೆಯಲ್ಲಿ ಇನ್ನೂ ಮೂರು ಹೆಸರುಗಳಿದ್ದವು. ಅವು ಯಾವ ಅಲೆಗೂ ಸೇರದೆ ಬಿಡಿಬಿಡಿಯಾಗಿ ನಿಂತಿದ್ದವು. ಎಲ್ಲರನ್ನೂ ಒಂದೇ ದಿನ ಕರೆಸಿ ನೋಡಿದೆ. ಹನ್ನೊಂದು ವೈರಸ್, ಎರಡು ಅಲರ್ಜಿ, ಒಂದು ಬ್ಯಾಕ್ಟೀರಿಯಾ. ನಿಮ್ಮ ಪ್ರಶ್ನೆಗೆ ಈ ಮೂರು ಬಗೆಯ ಒಂದೊಂದು ಮಗುವನ್ನು ತೋರಿಸುವುದೇ ಒಳ್ಳೆಯ ಉತ್ತರ ಅನಿಸುತ್ತದೆ.

ಮೊದಲನೆಯವಳು 3ನೇ ತಾರೀಖಿನ ಹುಡುಗಿ, ಒಂಬತ್ತು ವರ್ಷ. ನಾನು ನೋಡುವ ಹೊತ್ತಿಗೆ ಅವಳದು ಇಳಿಯುತ್ತಿತ್ತು, ಆದರೆ ಅವಳ ತಾಯಿ ಕಥೆಯನ್ನು ಚೆನ್ನಾಗಿ ಹೇಳಿದರು. ಸೋಮವಾರ ಎಡಗಣ್ಣು ಕೆಂಪಾಯಿತು. ನೀರು ಒಂದೇ ಸಮನೆ ಸುರಿಯುತ್ತಿತ್ತು, ಕೀವಲ್ಲ, ಬರೀ ನೀರು. 'ಕಣ್ಣಲ್ಲಿ ಮರಳಿದೆ, ತೆಗಿ' ಅಂತ ಅಳುತ್ತಿದ್ದಳು. ಗುರುವಾರ ಬಲಗಣ್ಣಿಗೂ ಬಂತು, ಆದರೆ ಎಡಗಣ್ಣಿನಷ್ಟು ಜೋರಿರಲಿಲ್ಲ. ಹೀಗೆ ಒಂದು ಕಣ್ಣಿಗೆ ಮೊದಲು, ಎರಡನೆಯದಕ್ಕೆ ಮೂರ್ನಾಲ್ಕು ದಿನ ಬಿಟ್ಟು ಕಡಿಮೆಯಾಗಿ ಬರುವುದು ಈ ವೈರಸ್ಸಿನ ಗುರುತು. ಐದು, ಆರನೇ ದಿನ ಅತಿ ಹೆಚ್ಚು. ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು, ಬೆಳಕಿಗೆ ಮುಖ ತಿರುಗಿಸುತ್ತಿದ್ದಳು.

ಅವಳ ಕಿವಿಯ ಮುಂದೆ, ಕಿವಿಯ ತೂತಿಗೆ ಮುಚ್ಚಳದಂತಿರುವ ಪುಟ್ಟ ಮೃದ್ವಸ್ಥಿ ಇದೆಯಲ್ಲ, ಅದರ ಎದುರಿಗೆ ಬೆರಳಿಟ್ಟೆ. ಬಟಾಣಿ ಕಾಳಿನಷ್ಟು ಗಂಟು ಸಿಕ್ಕಿತು, ಒತ್ತಿದರೆ ನೋವು. ಕಣ್ಣಿನ ಸೋಂಕಿಗೆ ಊದುವ ದುಗ್ಧರಸ ಗ್ರಂಥಿ ಅದು. ವೈರಸ್ ಬೇನೆಯಲ್ಲಿ ಅದು ಬಹಳ ಸಲ ಸಿಗುತ್ತದೆ, ಸಾಮಾನ್ಯ ಬ್ಯಾಕ್ಟೀರಿಯಾ ಬೇನೆಯಲ್ಲಿ ಅಪರೂಪ, ಅಲರ್ಜಿಯಲ್ಲಿ ಇರುವುದಿಲ್ಲ. ಆಮೇಲೆ ಗ್ಲೌಸ್ ಹಾಕಿ ಕೆಳರೆಪ್ಪೆಯನ್ನು ಎಳೆದು ದೀಪದಲ್ಲಿ ನೋಡಿದೆ. ಒಳಗಿನ ಕೆಂಪು ಪೊರೆಯ ಮೇಲೆ ಬೆಂದ ಸಬ್ಬಕ್ಕಿ ಸಾಲಾಗಿ ಅಂಟಿದ ಹಾಗೆ ಮಾಸಲು ಬಿಳುಪಿನ ಪುಟ್ಟ ಗುಳ್ಳೆಗಳು. ಇವಕ್ಕೆ ಫಾಲಿಕಲ್ ಅನ್ನುತ್ತೇವೆ. ಒಂದು ಮಾತು ಸೇರಿಸಬೇಕು: ಆರೋಗ್ಯವಂತ ಮಕ್ಕಳ ಕೆಳರೆಪ್ಪೆಯಲ್ಲೂ ಇಂಥ ಗುಳ್ಳೆ ಕೆಲವು ಇರುತ್ತವೆ. ಕೆಂಪು, ನೀರು, ಕಿವಿಯ ಮುಂದಿನ ಗಂಟು ಜೊತೆಗಿದ್ದಾಗ ಮಾತ್ರ ಅವಕ್ಕೆ ಅರ್ಥ. ಕೆಲವು ಮಕ್ಕಳಿಗೆ ಇದರ ಜೊತೆ ಜ್ವರ, ಗಂಟಲುನೋವೂ ಬರುತ್ತದೆ. ಅದು ಅಡಿನೊವೈರಸ್ಸಿನ ಬೇರೆ ಮಾದರಿಗಳ, ಮುಖ್ಯವಾಗಿ 3, 4, 7ರ ಕೆಲಸ.

ಎರಡನೆಯವನು ಏಳು ವರ್ಷದ ಹುಡುಗ. ಅವನ ತಂದೆ ಹೇಳಿದ ಮೊದಲ ಮಾತು, 'ಬೆಳಗ್ಗೆ ಕಣ್ಣು ಅಂಟಿಕೊಂಡಿರುತ್ತೆ'. ಈ ಮಾತನ್ನು ನಂಬಿ ಎಷ್ಟೋ ಮಂದಿ ಆಂಟಿಬಯೋಟಿಕ್ ಡ್ರಾಪ್ಸ್ ಬರೆದುಬಿಡುತ್ತಾರೆ. ವೈರಸ್ ಬೇನೆಯಲ್ಲೂ ರಾತ್ರಿ ಸುರಿದ ನೀರು ಒಣಗಿ ಬೆಳಗ್ಗೆ ರೆಪ್ಪೆ ಅಂಟುತ್ತದೆ. ಆದ್ದರಿಂದ ನಾನು ಕೇಳುವುದು ಬೇರೆ: ಮುಖ ತೊಳೆಸಿ ಅರ್ಧ ಗಂಟೆಯಾದ ಮೇಲೆ ಏನಿದೆ? ಈ ಹುಡುಗನ ಕಣ್ಣನ್ನು ಹತ್ತಿಯಿಂದ ಒರೆಸಿ ಹೊರಗೆ ಕೂರಿಸಿದೆ. ಇಬ್ಬರು ರೋಗಿಗಳನ್ನು ನೋಡಿ ಮತ್ತೆ ಕರೆದಾಗ ಕಣ್ಣಿನ ಮೂಲೆಯಲ್ಲಿ ಹಳದಿ ಹಸಿರಿನ ಗಟ್ಟಿ ಕೀವು ಪುನಃ ಕೂಡಿತ್ತು. ಎರಡೂ ಕಣ್ಣು ಒಂದು ದಿನದ ಅಂತರದಲ್ಲಿ ಬಂದಿದ್ದವು. ಕಿವಿಯ ಮುಂದೆ ಗಂಟಿಲ್ಲ. ಕಿವಿ ನೋಯುತ್ತದೆ ಅಂದ, ಒಳಗೆ ನೋಡಿದರೆ ತಮಟೆ ಕೆಂಪಾಗಿತ್ತು. ಮಕ್ಕಳಲ್ಲಿ ಕಣ್ಣಿನ ಕೀವು, ಕಿವಿನೋವು ಎರಡೂ ಒಟ್ಟಿಗೆ ಬಂದರೆ ಹೀಮೊಫಿಲಸ್ ಎಂಬ ಬ್ಯಾಕ್ಟೀರಿಯಾ ಇರುವ ಸಂಭವ ಹೆಚ್ಚು, ಅದಕ್ಕೆ ಬಾಯಿಂದ ಕೊಡುವ ಔಷಧಿಯೇ ಬೇಕಾಗಬಹುದು. ಅವನಿಗೆ ಔಷಧಿ ಕೊಟ್ಟೆ, ಮೂರನೇ ದಿನಕ್ಕೆ ಕಣ್ಣು ತಿಳಿಯಾಯಿತು. ಬ್ಯಾಕ್ಟೀರಿಯಾ ಬೇನೆಯೂ ಅಂಟುತ್ತದೆ, ಆದರೆ ಔಷಧಿಗೆ ಬೇಗ ಬಗ್ಗುತ್ತದೆ. ಔಷಧಿ ಶುರುವಾಗಿ ಒಂದು ದಿನ ಕಳೆದು ಕೀವು ನಿಂತರೆ ಶಾಲೆಗೆ ಬರಬಹುದು.

ಮೂರನೆಯವನ ಕಥೆ ನಿಮ್ಮ ಆ ಇಬ್ಬರು ಹುಡುಗರದ್ದೇ ಇರಬಹುದು. ಹತ್ತು ವರ್ಷ. ಒಳಗೆ ಬರುವಾಗಲೇ ಅಂಗೈಯ ಬುಡದಿಂದ ಕಣ್ಣನ್ನು ಗಸಗಸ ಉಜ್ಜುತ್ತಿದ್ದ. ತುರಿಕೆ, ತುರಿಕೆ, ಬರೀ ತುರಿಕೆ. ಎರಡೂ ಕಣ್ಣು ಸಮಸಮ. ಕೆಂಪು ಅಷ್ಟೇನಿಲ್ಲ, ಬಿಳಿಗುಡ್ಡೆ ಮಣ್ಣು ಬಣ್ಣಕ್ಕೆ ತಿರುಗಿದಂತಿತ್ತು. ಕಣ್ಣಿನ ಮೂಲೆಯಿಂದ ಲೋಳೆಯನ್ನು ಎಳೆದರೆ ಹಾಲಿನ ಕೆನೆ ನೂಲಿನಂತೆ ಉದ್ದ ಬರುತ್ತದೆ ಅಂತ ತಾಯಿ ತೋರಿಸಿದರು. ಬೇಸಿಗೆ ಕಾದಾಗ, ಧೂಳೆದ್ದಾಗ ಹೆಚ್ಚು, ಐದನೇ ವಯಸ್ಸಿನಿಂದಲೂ ಹೀಗೇ. ಮೇಲಿನ ರೆಪ್ಪೆಯನ್ನು ಮಗುಚಿದೆ. ಹೊಳೆಯ ಗುಂಡುಕಲ್ಲುಗಳನ್ನು ಒತ್ತೊತ್ತಾಗಿ ಹಾಸಿದಂತೆ ಚಪ್ಪಟೆ ತಲೆಯ ಉಬ್ಬುಗಳು. ಇದು ವರ್ನಲ್ ಎಂಬ ಅಲರ್ಜಿ ಬೇನೆ. ನಮ್ಮಂಥ ಬಿಸಿ, ಧೂಳಿನ ಊರುಗಳಲ್ಲಿ ಐದರಿಂದ ಹದಿನೈದು ವಯಸ್ಸಿನ ಗಂಡುಮಕ್ಕಳಿಗೆ ಹೆಚ್ಚು.

ಆ ಇಬ್ಬರು ಹುಡುಗರ ಮನೆಯವರು ಹೇಳುವುದು ನಿಜವೇ ಇರಬಹುದು. ಅಲರ್ಜಿ ಯಾರಿಗೂ ಅಂಟುವುದಿಲ್ಲ, ಅಂಥ ಮಗುವನ್ನು ಹದಿನೈದು ದಿನ ಮನೆಯಲ್ಲಿ ಕೂರಿಸುವುದು ಅನ್ಯಾಯ. ಆದರೆ ಈ ಮಾತಿನಲ್ಲಿ ಒಂದು ತೊಡಕಿದೆ. ಸದಾ ಕಣ್ಣುಜ್ಜುವ ಮಗುವಿಗೆ ವೈರಸ್ ತಗುಲುವ ದಾರಿ ಬೇರೆಯವರಿಗಿಂತ ಸಲೀಸು, ಏಕೆಂದರೆ ವೈರಸ್ ಹೋಗುವುದೇ ಬೆರಳಿನ ಮೇಲೆ. ವರ್ಷವೂ ತುರಿಸುತ್ತಿದ್ದ ಕಣ್ಣು ಈ ವಾರ ಒಂದೇ ಕಡೆ ಹೆಚ್ಚು ಕೆಂಪಾಗಿ, ನೀರು ಸುರಿದು, ಚುಚ್ಚತೊಡಗಿದರೆ ಅಲರ್ಜಿಯ ಮೇಲೆ ವೈರಸ್ ಕೂತಿದೆ ಎಂದೇ ತಿಳಿಯಬೇಕು. ಹಾಗಾಗಿ ಇಬ್ಬರನ್ನೂ ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ, ಅಲರ್ಜಿ ಎಂದು ಬರೆಸಿಕೊಂಡು ಬರಲು ಹೇಳಿ. ಅದು ಅವರ ಒಳ್ಳೆಯದಕ್ಕೂ ಹೌದು. ವರ್ಷಗಟ್ಟಲೆ ಕಣ್ಣುಜ್ಜಿದರೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪೊರೆ, ಅಂದರೆ ಕಾರ್ನಿಯಾ, ತೆಳುವಾಗಿ ಮುಂದಕ್ಕೆ ಚೂಪಾಗುವ ಅಪಾಯವಿದೆ.

ಈಗ ನಿಲ್ಲಿಸುವ ಮಾತು. ಕಣ್ಣು ಬಂದವರನ್ನು ನೋಡಿದರೆ ಬೇನೆ ಅಂಟುತ್ತದೆ ಎಂಬ ನಂಬಿಕೆ ಊರಲ್ಲಿ ಗಟ್ಟಿಯಾಗಿದೆ, ಅದಕ್ಕೇ ಕಪ್ಪು ಕನ್ನಡಕ. ಕನ್ನಡಕದಿಂದ ಬೆಳಕಿನ ಕಿರಿಕಿರಿ ಕಡಿಮೆಯಾಗುತ್ತದೆ, ಅಷ್ಟೇ. ನೋಟದಿಂದ ಏನೂ ದಾಟುವುದಿಲ್ಲ. ಬೇನೆಯ ಮಗು ಕಣ್ಣೊರೆಸಿದ ಬೆರಳಿನಿಂದ ರಬ್ಬರ್ ಮುಟ್ಟುತ್ತದೆ. ಆ ರಬ್ಬರ್ ಪಕ್ಕದವನ ಕೈಗೆ ಹೋಗುತ್ತದೆ, ಅವನು ಗಣಿತದ ಲೆಕ್ಕ ಮಾಡುತ್ತಾ ಕಣ್ಣುಜ್ಜಿಕೊಳ್ಳುತ್ತಾನೆ. ದಾರಿ ಇಷ್ಟೇ. ಪ್ಲಾಸ್ಟಿಕ್ಕು, ಲೋಹದ ಮೇಲೆ ಒಣಗಿ ಕೂತರೂ ಈ ವೈರಸ್ ವಾರಗಟ್ಟಲೆ ಜೀವ ಹಿಡಿದಿರಬಲ್ಲದು.

ಸ್ಯಾನಿಟೈಸರ್ ಸೋತದ್ದಕ್ಕೂ ಕಾರಣವಿದೆ. ಕೋವಿಡ್ ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೊಹಾಲ್ ಅದನ್ನು ಕರಗಿಸಿಬಿಡುತ್ತಿತ್ತು. ಅಡಿನೊವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಅದರದು ಪ್ರೋಟೀನಿನ ಗಟ್ಟಿ ಚಿಪ್ಪು. ಬಾಗಿಲಲ್ಲಿ ಒಂದು ಹನಿ ಸ್ಯಾನಿಟೈಸರ್ ಸವರಿಕೊಂಡರೆ ಅದಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ, ಮಕ್ಕಳಿಗೆ ಮಾತ್ರ ಕೈ ಶುದ್ಧವಾಯಿತೆಂಬ ಭರವಸೆ ಬರುತ್ತದೆ. ಸೋಪು ಈ ವೈರಸ್ಸನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಕೈಯಿಂದ ಬಿಡಿಸಿ ನೀರಿನ ಜೊತೆ ಕಳಿಸುತ್ತದೆ. ಅದಕ್ಕೆ ಹರಿಯುವ ನೀರೇ ಬೇಕು. ಡ್ರಮ್ಮಿನಲ್ಲಿ ಚೊಂಬು ಅದ್ದಿ ಎಲ್ಲರೂ ಅದೇ ಚೊಂಬು ಹಿಡಿದರೆ ಚೊಂಬಿನ ಹಿಡಿಯೇ ಹೊಸ ರಬ್ಬರ್ ಆಗುತ್ತದೆ. ನಲ್ಲಿ ಇಲ್ಲದಿದ್ದರೆ ದೊಡ್ಡ ತರಗತಿಯ ಒಬ್ಬರು ನೀರು ಹೊಯ್ಯಲಿ, ಉಳಿದವರು ಚೊಂಬು ಮುಟ್ಟದೆ ಕೈಯುಜ್ಜಲಿ, ಇಪ್ಪತ್ತು ಎಣಿಸುವವರೆಗೆ. ಬಂದ ಕೂಡಲೇ, ಊಟಕ್ಕೆ ಮುಂಚೆ, ಆಟ ಮುಗಿದ ಮೇಲೆ, ಮನೆಗೆ ಹೊರಡುವಾಗ. ಒರೆಸಿಕೊಳ್ಳಲು ಶಾಲೆಯ ಟವೆಲ್ ಬೇಡ, ಕೈ ಗಾಳಿಗೆ ಒಣಗಲಿ.

ಬೆಂಚು, ಬಾಗಿಲ ಚಿಲಕ, ನಲ್ಲಿಯ ತಿರುಪು ಇವನ್ನು ಸಂಜೆ ಮಕ್ಕಳು ಹೋದ ಮೇಲೆ ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಿಸಿ. ಪಂಚಾಯಿತಿಯಲ್ಲಿ ಸಿಗುವ ಪೌಡರಿನಲ್ಲಿ ಸುಮಾರು 30 ಶೇಕಡಾ ಕ್ಲೋರಿನ್ ಇರುತ್ತದೆ, ಹಾಗಾಗಿ ಒಂದು ಲೀಟರ್ ನೀರಿಗೆ ಸುಮಾರು 16 ಗ್ರಾಂ, ಅಂದರೆ ಊಟದ ದೊಡ್ಡ ಚಮಚೆ ಒಂದು ಮಟ್ಟಸ ತುಂಬ ಸಾಕು. ಅಂದಂದಿಗೆ ಕಲಸಬೇಕು, ಹಳೆಯ ಪೌಡರ್ ವಾಸನೆ ಕಳೆದುಕೊಂಡಿದ್ದರೆ ಅದಕ್ಕೆ ಶಕ್ತಿಯೂ ಇಲ್ಲ. ಒರೆಸಿದ ಜಾಗ ಹತ್ತು ನಿಮಿಷ ಒದ್ದೆಯಾಗಿರಲಿ, ಆಮೇಲೆ ಬರಿನೀರಿನಲ್ಲಿ ಒರೆಸಿ. ಕಿಟಕಿ ತೆರೆದಿರಲಿ, ಗ್ಲೌಸ್ ಇರಲಿ, ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಬೇಡಿ.

ಎಷ್ಟು ದಿನ ಮನೆಯಲ್ಲಿರಬೇಕು? ವೈರಸ್ಸಿನ ಲೆಕ್ಕಕ್ಕೆ ಹೋದರೆ ಎರಡು ವಾರ. ಪಾಠದ ಲೆಕ್ಕಕ್ಕೆ ಹೋದರೆ ಅದು ಬಹಳ. ಕೂಲಿಗೆ ಹೋಗುವ ತಾಯಿ ಎರಡು ವಾರ ಮನೆಯಲ್ಲಿ ಕೂರಲಾರಳು. ಮಗು ಪಕ್ಕದ ಅಂಗನವಾಡಿಗೋ ಅಜ್ಜಿಯ ಮನೆಗೋ ಹೋಗಿ ಅಲ್ಲಿ ಹಂಚುತ್ತದೆ. ನಾನು ಹೇಳುವುದು ಇಷ್ಟು: ಚಿಕ್ಕ ತರಗತಿಯ ಮಕ್ಕಳು ಎರಡನೇ ಕಣ್ಣು ಕೆಂಪಾದ ದಿನದಿಂದ ಕನಿಷ್ಠ ಒಂದು ವಾರ, ಮತ್ತು ನೀರು ಸುರಿಯುವುದು ಪೂರ್ತಿ ನಿಲ್ಲುವವರೆಗೆ ಮನೆಯಲ್ಲಿರಲಿ. ಬಂದ ಮೇಲೆ ಇನ್ನೊಂದು ವಾರ ಬೇರೆ ಬೆಂಚು, ತನ್ನದೇ ಪೆನ್ಸಿಲ್ಲು, ರಬ್ಬರು. ಕಣ್ಣೊರೆಸಲು ಕರವಸ್ತ್ರದ ಬದಲು ಹಳೆ ಪಂಚೆಯ ತುಂಡುಗಳು, ಒಮ್ಮೆ ಒರೆಸಿ ಕವರಿಗೆ ಹಾಕಿ, ಸಂಜೆ ಕುದಿಸಬೇಕು ಇಲ್ಲವೇ ಸುಡಬೇಕು. ಕೊನೆಯ ಮಗುವಿಗೆ ಕೆಂಪು ಕಂಡ ದಿನದಿಂದ ಎರಡು ವಾರ ಹೊಸಬರು ಯಾರೂ ಇಲ್ಲ ಅಂದಾಗಲೇ ಹಾಳೆಯನ್ನು ಮುಚ್ಚಿ. ಒಂದು ವಾರದ ಬಿಡುವನ್ನು ನಂಬಬೇಡಿ.

ಡ್ರಾಪ್ಸ್ ವಿಷಯಕ್ಕೆ ಮತ್ತೆ ಬರುತ್ತೇನೆ. ಅಡಿನೊವೈರಸ್ಸನ್ನು ಕೊಲ್ಲುವ, ಎಲ್ಲರೂ ಒಪ್ಪಿದ ಕಣ್ಣಿನ ಔಷಧಿ ಇಂದಿಗೂ ಇಲ್ಲ. ಆಂಟಿಬಯೋಟಿಕ್ ಹಾಕಿದರೂ ಹಾಕದಿದ್ದರೂ ಅದು ತನ್ನ ದಿನ ಮುಗಿಸಿಯೇ ಹೋಗುತ್ತದೆ. ಹತ್ತನೇ ದಿನ ಕಣ್ಣು ತಿಳಿಯಾದಾಗ ಕೈಯಲ್ಲಿದ್ದ ಬಾಟಲಿಗೆ ಹೆಸರು ಬರುತ್ತದೆ. ಇನ್ನೂ ದೊಡ್ಡ ಅಪಾಯ ಸ್ಟಿರಾಯ್ಡ್ ಬೆರೆಸಿದ ಡ್ರಾಪ್ಸ್. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರಿದ್ದರೆ ಅದೇ ಅದು. ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ಒಳಗೆ ಮಾತ್ರ ವೈರಸ್ ಹೊರಬೀಳುವ ದಿನಗಳು ಇನ್ನೂ ಉದ್ದವಾಗುತ್ತವೆ, ಕಣ್ಣು ಬೆಳ್ಳಗಿರುವ ಮಗು ಹಂಚುತ್ತಾ ಓಡಾಡುತ್ತದೆ. ಕಾರಣ ಹರ್ಪಿಸ್ ವೈರಸ್ ಆಗಿದ್ದರೆ ಕಾರ್ನಿಯಾದ ಹುಣ್ಣು ಹರಡುತ್ತದೆ. ಅಲರ್ಜಿಯ ಹುಡುಗರಿಗೆ ಇದರ ರುಚಿ ಹತ್ತಿ, ತಿಂಗಳುಗಟ್ಟಲೆ ಅಂಗಡಿಯಿಂದ ತಂದು ಹಾಕಿಕೊಂಡು ಕಣ್ಣಿನ ಒತ್ತಡ ಏರಿ ನೋಟವನ್ನೇ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಹನ್ನೆರಡು ವರ್ಷದ ಮಗುವಿಗೆ ಗ್ಲಾಕೋಮಾ ಅಂತ ತಂದೆಗೆ ಹೇಳುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಮಗುವಿಗೆ ಹಾಯಾಗಲು ಬೇಕಾದದ್ದು ಸರಳ. ಕುದಿಸಿ ಆರಿಸಿ ತಣ್ಣಗಾದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ, ಕಣ್ಣಿಗೊಂದು ಬಟ್ಟೆ. ವೈದ್ಯರು ಹೇಳಿದರೆ ಔಷಧಿಯಿಲ್ಲದ ಕೃತಕ ಕಣ್ಣೀರಿನ ಡ್ರಾಪ್ಸ್, ಒಂದು ಮಗುವಿಗೆ ಒಂದೇ ಬಾಟಲಿ, ಬೇನೆ ಹೋದ ಮೇಲೆ ಬಾಟಲಿಯೂ ಹೋಗಬೇಕು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನು, ಹರಳೆಣ್ಣೆ ಹಾಕುವುದು ಪ್ರೀತಿಯಿಂದಲೇ ಎಂದು ಬಲ್ಲೆ. ಆದರೆ ಗಿಡದಿಂದ ಕಿತ್ತ ಹೂವಿನ ಜೊತೆ ಬೂಷ್ಟು, ಮಣ್ಣಿನ ಕ್ರಿಮಿ ಬರುತ್ತವೆ. ವೈರಸ್ಸಿನಿಂದ ಮೇಲ್ಪದರ ಸವೆದ ಕಣ್ಣಿಗೆ ಅವು ಬಿದ್ದರೆ ಹತ್ತು ದಿನದಲ್ಲಿ ಹೋಗುತ್ತಿದ್ದ ಬೇನೆ ಕಾರ್ನಿಯಾದ ಹುಣ್ಣಾಗುತ್ತದೆ.

ಕೆಲವು ಮಕ್ಕಳನ್ನು ಕಾಯಿಸದೆ ಅಂದೇ ಕಣ್ಣಿನ ವೈದ್ಯರ ಬಳಿ ಕಳಿಸಿ. ನೀರು ಒರೆಸಿಕೊಂಡ ಮೇಲೂ ಬೋರ್ಡು ಕಾಣುತ್ತಿಲ್ಲ ಅನ್ನುವ ಮಗು, ಕತ್ತಲೆ ಮೂಲೆ ಹುಡುಕಿ ಕಣ್ಣು ತೆರೆಯಲೇ ಒಪ್ಪದ ಮಗು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕಿ ಕಂಡ ಮಗು, ಕಡ್ಡಿ, ಸುಣ್ಣ, ಪೆನ್ಸಿಲ್ ತುದಿ ತಾಗಿದ ಮಗು. ರೆಪ್ಪೆಯ ಸುತ್ತ ಊದಿ ಜೋರು ಜ್ವರ ಬಂದು, ಕಣ್ಣು ಅತ್ತಿತ್ತ ಆಡಿಸಲು ನೋವಾದರೆ ಅದು ರಾತ್ರಿಯಾದರೂ ಆಸ್ಪತ್ರೆಗೇ. ಮನೆಯಲ್ಲಿ ಹಸುಗೂಸು ಇದ್ದು ಅದರ ಕಣ್ಣಿಗೆ ಕೀವು ಬಂದರೂ ಅಷ್ಟೇ.

ಇನ್ನು ಯಾರೂ ನಿಮಗೆ ಹೇಳಿರಲಾರದ ಒಂದು ಸಂಗತಿ. 3ನೇ ತಾರೀಖಿನ ಆ ಹುಡುಗಿಯ ಕಣ್ಣು ಆಮೇಲೆ ಪೂರ್ತಿ ಬೆಳ್ಳಗಾಯಿತು, ನೀರು ನಿಂತು ಶಾಲೆಗೆ ಹೋದಳು. ಮತ್ತೆ ಐದಾರು ದಿನಕ್ಕೆ ಬೋರ್ಡಿನ ಅಕ್ಷರ ಮಬ್ಬು, ಸಂಜೆ ಬಲ್ಬಿನ ಸುತ್ತ ಬಳೆ ಕಾಣುತ್ತದೆ ಅಂದಳಂತೆ. ಶಾಲೆಯಲ್ಲಿ ಓದು ತಪ್ಪಿಸಲು ನೆಪ ಅಂತ ಬೈದರು, ಮನೆಯಲ್ಲಿ ಮೊಬೈಲಿನ ಮೇಲೆ ತಪ್ಪು ಹೊರಿಸಿದರು. ನನ್ನಲ್ಲಿಗೆ ಬಂದಾಗ ಆರು ಮೀಟರ್ ದೂರದ ಚಾರ್ಟಿನಲ್ಲಿ ಎಡಗಣ್ಣಿಗೆ 6/12ರ ಸಾಲಿಗಿಂತ, ಅಂದರೆ ಸರಿಯಾದ ಕಣ್ಣು ಹನ್ನೆರಡು ಮೀಟರಿನಿಂದಲೇ ಓದುವ ಸಾಲಿಗಿಂತ, ಕೆಳಗೆ ಹೋಗಲಾಗಲಿಲ್ಲ. ಯಂತ್ರದಲ್ಲಿ ನೋಡಿದರೆ ಕಾರ್ನಿಯಾದ ಮೇಲ್ಪದರದ ಕೆಳಗೆ, ಗಾಜಿನ ಮೇಲೆ ಸುಣ್ಣದ ನೀರು ಚಿಮುಕಿಸಿ ಒಣಗಿದಂತೆ ಹತ್ತಾರು ಮಾಸಲು ಚುಕ್ಕಿಗಳು.

ಅವು ವೈರಸ್ಸಲ್ಲ. ವೈರಸ್ಸಿನ ಉಳಿಕೆಯ ವಿರುದ್ಧ ದೇಹವೇ ಕಳಿಸಿದ ರಕ್ಷಕ ಕಣಗಳು ಅಲ್ಲಿ ಗುಂಪು ಕಟ್ಟಿರುತ್ತವೆ. ಬೇನೆ ಶುರುವಾದ ಎರಡು ವಾರದ ಹೊತ್ತಿಗೆ, ಕಣ್ಣು ವಾಸಿಯಾಯಿತು ಅನ್ನುವಾಗಲೇ ಕಾಣಿಸಿಕೊಂಡು ತಿಂಗಳುಗಟ್ಟಲೆ ಉಳಿಯಬಹುದು. ಹೆಚ್ಚಿನ ಮಕ್ಕಳಲ್ಲಿ ತಾವೇ ಕರಗುತ್ತವೆ. ನೋಟ ತೀರಾ ಕೆಟ್ಟರೆ ಮಾತ್ರ ಸಣ್ಣ ಪ್ರಮಾಣದ ಸ್ಟಿರಾಯ್ಡನ್ನು ಕಣ್ಣಿನ ಒತ್ತಡ ಅಳೆಯುತ್ತಾ ಕೊಡುತ್ತೇವೆ. ಅದನ್ನು ತಟ್ಟನೆ ನಿಲ್ಲಿಸಿದರೆ ಚುಕ್ಕಿಗಳು ಮರಳುತ್ತವೆ, ಅದಕ್ಕೇ ಆ ಡ್ರಾಪ್ಸ್ ಅಂಗಡಿಯ ಮಾತಿಗೆ ಸಿಗಬಾರದು. ಈ ಹುಡುಗಿಗೆ ನಾನು ಏನನ್ನೂ ಹಾಕಲಿಲ್ಲ. ಎರಡು ವಾರಕ್ಕೊಮ್ಮೆ ಚಾರ್ಟ್ ಓದಿಸಿದೆ, ಮೂರು ತಿಂಗಳಿಗೆ 6/6ಕ್ಕೆ, ಅಂದರೆ ಸರಿಯಾದ ನೋಟಕ್ಕೆ, ಬಂದಳು.

ನಿಮ್ಮ ಹಾಳೆಯ ತಾರೀಖುಗಳ ಪಕ್ಕದಲ್ಲಿ ಒಂದು ಖಾಲಿ ಅಂಕಣ ಬಿಟ್ಟಿರಿ. ಪ್ರತಿ ಮಗುವಿಗೂ ಮೂರನೇ ವಾರದಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಹಿಂದಿನ ಬೆಂಚಿನಿಂದ ಬೋರ್ಡು ಓದಿಸಿ, ಆಮೇಲೆ ಇನ್ನೊಂದು ಕಣ್ಣು. ಮುಚ್ಚುವುದು ಮಗುವಿನ ತನ್ನ ಕೈಯಿಂದ, ಸೋಪಿನಲ್ಲಿ ತೊಳೆದ ಕೈಯಿಂದ. ತಡವರಿಸಿದ ಮಗುವನ್ನು ಮುಂದಿನ ಬೆಂಚಿಗೆ ಕೂರಿಸಿ, ಪೋಷಕರಿಗೆ ಚೀಟಿ ಬರೆದು ನಮ್ಮಂಥವರ ಬಳಿ ಕಳಿಸಿ.